ತೇವ ನೋಡಿ ನೀರು ಬಿಡುವ ನಿಯಂತ್ರಕ: ವರದಿಯ ಸಾರಾಂಶದಲ್ಲಿ ಇರಬೇಕಾದ್ದು

ಮಣ್ಣು ಒಣಗಿದಾಗ ಪಂಪ್ ಚಾಲೂ ಮಾಡಿ, ನೆನೆದಾಗ ನಿಲ್ಲಿಸುವ ನಿಯಂತ್ರಕವು ಎಂಜಿನಿಯರಿಂಗ್ ಕಾಲೇಜುಗಳ ಮಿನಿ ಪ್ರಾಜೆಕ್ಟ್‌ಗಳಲ್ಲಿ ಬಹಳ ಪರಿಚಿತವಾದದ್ದು. ಅದರ ವರದಿಯ ಆರಂಭದಲ್ಲಿ ಬರುವ ಸಾರಾಂಶ ಒಂದು ಪುಟ ಮೀರುವುದಿಲ್ಲ. ಉದ್ದೇಶ, ಕಟ್ಟಿದ ಬಗೆ, ಪರೀಕ್ಷೆಯ ಫಲಿತಾಂಶ, ಮಿತಿ ಎಂಬ ನಾಲ್ಕು ಸಂಗತಿಗಳು ಅದರಲ್ಲಿ ಇದೇ ಕ್ರಮದಲ್ಲಿ ಬರಬೇಕು.

ಕಟ್ಟಿದ ಬಗೆಯನ್ನು ಹೇಳಲು ಎರಡು ಮೂರು ವಾಕ್ಯ ಸಾಕು. ಬೇರಿನ ಆಳದಲ್ಲಿ ನೆಟ್ಟ ಸಂವೇದಕವು ತೇವಕ್ಕೆ ತಕ್ಕಂತೆ ವೋಲ್ಟೇಜ್ ಕೊಡುತ್ತದೆ. ಆರ್ಡುಯಿನೊ ಊನೊ ಬೋರ್ಡಿನ ಮೈಕ್ರೊಕಂಟ್ರೋಲರ್ ಆ ವೋಲ್ಟೇಜನ್ನು 0ಯಿಂದ 1023ರವರೆಗಿನ ಸಂಖ್ಯೆಯಾಗಿ ಓದಿ, ರಿಲೇ ಮೂಲಕ ಪಂಪನ್ನು ನಡೆಸುತ್ತದೆ. ಸಂವೇದಕ ಯಾವ ಬಗೆಯದೆಂದು ಸಾರಾಂಶದಲ್ಲಿ ತಿಳಿಸಲೇಬೇಕು. ಲೋಹದ ಎರಡು ಕಡ್ಡಿಗಳ ನಡುವಿನ ರೋಧವನ್ನು ಅಳೆಯುವ ಅಗ್ಗದ ಸಂವೇದಕಕ್ಕೆ ಸದಾ ವಿದ್ಯುತ್ ಹರಿಯುತ್ತಿದ್ದರೆ ಕಡ್ಡಿಗಳು ಬೇಗ ಸವೆದು ಅಳತೆ ತಪ್ಪುತ್ತದೆ. ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಸಂವೇದಕ ಹೆಚ್ಚು ಕಾಲ ಬಾಳುತ್ತದೆ.

ಸಾರಾಂಶದ ಮುಖ್ಯ ಭಾಗ ಪಂಪ್ ಚಾಲೂ ಆಗುವ ಮತ್ತು ನಿಲ್ಲುವ ಮಿತಿಗಳು. ಒಂದು ಕೆಪಾಸಿಟಿವ್ ಸಂವೇದಕವು ಪೂರ್ತಿ ಒಣ ಮಣ್ಣಿನಲ್ಲಿ 600, ಪೂರ್ತಿ ನೆನೆದ ಮಣ್ಣಿನಲ್ಲಿ 280 ತೋರಿಸಿತು ಎಂದುಕೊಳ್ಳಬಹುದು. ತೇವ ಹೆಚ್ಚಿದಷ್ಟೂ ಸಂಖ್ಯೆ ಇಳಿಯುತ್ತದೆ. ನಡುವಿನ ಅಂತರ 320. ಒಣ ತುದಿಯಿಂದ ಅದರ ಶೇ 30ರಷ್ಟು ಇಳಿದರೆ 504, ಶೇ 60ರಷ್ಟು ಇಳಿದರೆ 408. ಸಂಖ್ಯೆ 504 ಮೀರಿದರೆ ಪಂಪ್ ಚಾಲೂ, 408ಕ್ಕಿಂತ ಕೆಳಗಿಳಿದರೆ ಬಂದ್, ನಡುವೆ ಇದ್ದರೆ ಇದ್ದ ಸ್ಥಿತಿಯೇ ಮುಂದುವರಿಯುತ್ತದೆ. ಒಂದೇ ಮಿತಿ ಇಟ್ಟರೆ ಸಂಖ್ಯೆ ಅದರ ಆಚೀಚೆ ತೂಗಾಡಿದಾಗಲೆಲ್ಲ ರಿಲೇ ಟಕಟಕನೆ ಬಡಿದುಕೊಂಡು ಪಂಪ್ ಹಾಳಾಗುತ್ತದೆ.

ಈ ಶೇ 30 ಸಂವೇದಕದ ಮಾಪನದ್ದೇ ಹೊರತು ಮಣ್ಣಿನಲ್ಲಿರುವ ನೀರಿನ ಪ್ರಮಾಣವಲ್ಲ. ಅನೇಕ ಸಾರಾಂಶಗಳು ಎಡವುವುದು ಇಲ್ಲಿಯೇ. ನಿಜವಾದ ಪ್ರಮಾಣ ತಿಳಿಯಲು ಮಣ್ಣನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ ಮತ್ತೆ ತೂಗಬೇಕು. 120 ಗ್ರಾಂ ಮಣ್ಣು 100 ಗ್ರಾಂಗೆ ಇಳಿದರೆ ಒಣ ತೂಕದ ಲೆಕ್ಕದಲ್ಲಿ ತೇವ ಶೇ 20. ಕಪ್ಪು ಮಣ್ಣಿನ ಜೇಡಿ ನೀರನ್ನು ಬಿಗಿಯಾಗಿ ಹಿಡಿದಿಡುವುದರಿಂದ, ಮರಳು ಮಿಶ್ರಿತ ಕೆಂಪು ಮಣ್ಣಿಗೆ ಗೊತ್ತುಮಾಡಿದ ಮಿತಿ ಅಲ್ಲಿಗೆ ಹೊಂದುವುದಿಲ್ಲ. ಆದ್ದರಿಂದ ಯಾವ ಮಣ್ಣಿನಲ್ಲಿ ಪರೀಕ್ಷಿಸಲಾಯಿತು ಎಂಬುದೂ ದಾಖಲಾಗಬೇಕು.

ಕೊನೆಯ ವಾಕ್ಯಗಳು ಮಿತಿಗಳಿಗೆ ಮೀಸಲು. ಸಂವೇದಕ ಮಣ್ಣಿನಿಂದ ಕಿತ್ತುಬಂದರೆ ನಿಯಂತ್ರಕವು ಗಾಳಿಯನ್ನೇ ಒಣ ಮಣ್ಣೆಂದು ತಿಳಿದು ಪಂಪನ್ನು ನಿಲ್ಲಿಸದೆ ಓಡಿಸುತ್ತದೆ. ನಿಗದಿತ ಅವಧಿ ಮೀರಿದರೆ ಪಂಪ್ ತಾನಾಗಿ ನಿಲ್ಲುವ ಏರ್ಪಾಡು ಇದಕ್ಕೆ ಪರಿಹಾರ. ಒಂದೇ ಸಂವೇದಕವು ತಾನಿರುವ ಜಾಗದ ತೇವವನ್ನು ಮಾತ್ರ ತಿಳಿಸುತ್ತದೆ, ಇಡೀ ಹೊಲದ್ದಲ್ಲ. ಸಂವೇದಕದ ಬಗೆ, ಮಣ್ಣು, ಎರಡು ಮಿತಿಗಳು ಮತ್ತು ಈ ಕೊರತೆಗಳನ್ನು ಬರೆದಿಟ್ಟ ಸಾರಾಂಶವನ್ನು ಓದಿ ಮತ್ತೊಬ್ಬ ವಿದ್ಯಾರ್ಥಿ ಅದೇ ಪರೀಕ್ಷೆಯನ್ನು ಮಾಡಿ ನೋಡಬಹುದು.