ಚೌಕ ಮೂಲೆಗೆ ಬೀಡು ಒಗ್ಗುವುದಿಲ್ಲ

ಗೇರ್‌ಬಾಕ್ಸ್‌ನ ಹೊರಕವಚವನ್ನು, ಅಂದರೆ ಹೌಸಿಂಗನ್ನು, ಸಾಮಾನ್ಯವಾಗಿ ಎರಡು ಹೋಳಾಗಿ ಎರಕ ಹೊಯ್ಯುತ್ತಾರೆ. ಒಂದು ಹೋಳನ್ನು ತೆಗೆದುಕೊಳ್ಳಿ: ಬಾಯಿಯ ಉದ್ದ 400 ಮಿ.ಮೀ., ಆಳ 150 ಮಿ.ಮೀ., ಗೋಡೆಯ ದಪ್ಪ 8 ಮಿ.ಮೀ. ಕ್ಯಾಡ್‌ನಲ್ಲಿ ಇಂಥ ಪೆಟ್ಟಿಗೆ ಬಿಡಿಸಲು ಎರಡು ನಿಮಿಷ ಸಾಕು. ಆದರೆ ನೇರ ಗೋಡೆ, ಚೌಕ ಮೂಲೆಯ ಆ ಪೆಟ್ಟಿಗೆಯನ್ನು ಬೆಳಗಾವಿಯ ಯಾವುದಾದರೂ ಫೌಂಡ್ರಿಗೆ ಒಯ್ದರೆ, ಪ್ಯಾಟರ್ನ್ ಮಾಡುವವರು ಮೊದಲು ಕೇಳುವುದೇ ‘ಡ್ರಾಫ್ಟ್ ಎಲ್ಲಿ?’ ಎಂದು.

ಪ್ಯಾಟರ್ನ್ ಎಂದರೆ ಮರದ ಅಥವಾ ಲೋಹದ ಪ್ರತಿರೂಪ. ಅದನ್ನು ಮರಳಿನಲ್ಲಿ ಹುದುಗಿಸಿ, ಮರಳನ್ನು ಗಟ್ಟಿಯಾಗಿ ಒತ್ತಿ, ಆಮೇಲೆ ಮೇಲಕ್ಕೆತ್ತಬೇಕು. ಗೋಡೆ ನೆಟ್ಟಗಿದ್ದರೆ ಎತ್ತುವಷ್ಟು ಹೊತ್ತೂ ಮರಳಿಗೆ ಉಜ್ಜುತ್ತದೆ, ಅಂಚು ಉದುರುತ್ತದೆ, ಉದುರಿದ ಮರಳು ಎರಕದೊಳಗೆ ಸೇರಿಕೊಳ್ಳುತ್ತದೆ. ಅದಕ್ಕೇ ಗೋಡೆಗೆ ಒಂದೆರಡು ಡಿಗ್ರಿ ಓರೆ ಕೊಡುತ್ತಾರೆ. ಒಂದೂವರೆ ಡಿಗ್ರಿ ಕಣ್ಣಿಗೆ ಕಾಣುವುದೇ ಇಲ್ಲ. ಆದರೂ 150 ಮಿ.ಮೀ. ಆಳದಲ್ಲಿ ಅದು ಪ್ರತಿ ಬದಿಗೆ ಸುಮಾರು 4 ಮಿ.ಮೀ. ಆಗುತ್ತದೆ. ಬಾಯಿಯಲ್ಲಿ 400 ಇದ್ದದ್ದು ತಳದಲ್ಲಿ 392. ಒಳಗಿನ ಗೋಡೆಯೂ ಅದೇ ಕಡೆಗೆ ವಾಲುವುದರಿಂದ ದಪ್ಪವೇನೋ 8 ಆಗಿಯೇ ಉಳಿಯುತ್ತದೆ, ಆದರೆ ಒಳಗಿನ ಜಾಗ ಕಿರಿದಾಗುತ್ತದೆ. ಗೇರ್ ತಿರುಗಲು ತಳದ ಹತ್ತಿರ ಜಾಗ ಉಳಿದಿದೆಯೇ ಎಂದು ಈಗಲೇ ನೋಡಿಕೊಳ್ಳಬೇಕು.

ನಿಜವಾದ ತಲೆನೋವು ಮೂಲೆಗಳದ್ದು. ಕರಗಿದ ಬೀಡು ತೆಳುವಾದ ಕಡೆ ಬೇಗ ಹೆಪ್ಪುಗಟ್ಟುತ್ತದೆ, ದಪ್ಪಗಿರುವ ಕಡೆ ತಡವಾಗಿ. ದಪ್ಪ ಒಂದೂವರೆ ಪಟ್ಟಾದರೆ ಹೆಪ್ಪುಗಟ್ಟುವ ಸಮಯ ಎರಡು ಪಟ್ಟು ಮೀರುತ್ತದೆ. ಕೊನೆಗೆ ಗಟ್ಟಿಯಾಗುವ ಜಾಗಕ್ಕೆ ಸುತ್ತಲಿಂದ ಲೋಹ ಹರಿದು ಬರದಿದ್ದರೆ ಅಲ್ಲಿ ಟೊಳ್ಳು ಉಳಿಯುತ್ತದೆ. ಇಂಥ ಜಾಗವನ್ನು ಹುಡುಕಲು ಸುಲಭ ದಾರಿಯಿದೆ: ಮಾದರಿಯನ್ನು ಅಡ್ಡ ಸೀಳಿ, ಆ ಸೀಳಿನೊಳಗೆ ಹಿಡಿಸುವ ಅತಿ ದೊಡ್ಡ ವೃತ್ತವನ್ನು ಎಳೆಯುವುದು. ಗೋಡೆಯಲ್ಲಿ ಅದರ ವ್ಯಾಸ 8. ಒಳಗೂ ಹೊರಗೂ ಚೌಕವಾದ ಮೂಲೆಯಲ್ಲಿ 9.4. ಇಷ್ಟೇ ತಾನೇ ಅನ್ನಿಸಬಹುದು; ಆದರೆ ಒಳಗಿನ ಚೂಪು ಮೂಲೆಯಲ್ಲಿ ಬಿಸಿ ಮರಳು ತಣಿಯದೆ ಲೋಹವನ್ನೂ ತಣಿಯಲು ಬಿಡುವುದಿಲ್ಲ, ಬಿರುಕು ಹುಟ್ಟುವುದೂ ಅಲ್ಲೇ.

ಸರಿ, ಒಳಮೂಲೆಗೆ 8 ಮಿ.ಮೀ. ತ್ರಿಜ್ಯದ ದುಂಡು, ಅಂದರೆ ಫಿಲೆಟ್, ಕೊಟ್ಟೆವು ಅನ್ನೋಣ. ಹೊಸಬರು ಎಡವುವುದು ಇಲ್ಲೇ. ಹೊರಮೂಲೆಯನ್ನು ಚೌಕವಾಗಿಯೇ ಬಿಟ್ಟರೆ ವೃತ್ತ 12ಕ್ಕೆ ಏರುತ್ತದೆ. ಬಿರುಕು ತಪ್ಪಿಸಲು ಹೋಗಿ ಟೊಳ್ಳನ್ನು ಕರೆದಂತಾಯಿತು. ಹೊರಗೂ 16 ಮಿ.ಮೀ. ತ್ರಿಜ್ಯ ಕೊಟ್ಟು ಎರಡೂ ದುಂಡುಗಳ ಕೇಂದ್ರವನ್ನು ಒಂದೇ ಮಾಡಿದರೆ ಮೂಲೆಯಲ್ಲೂ ದಪ್ಪ 8 ಆಗಿ ನಿಲ್ಲುತ್ತದೆ. ಗೋಡೆಗೆ ರಿಬ್ ಬಂದು ಕೂಡುವಲ್ಲಿ ಲೆಕ್ಕವೇ ತಿರುಗುಮುರುಗು. ಅಲ್ಲಿ ಹಿಂಬದಿಯಲ್ಲಿ ಕಡಿಮೆ ಮಾಡಲು ಮೂಲೆಯೇ ಇಲ್ಲ. 8 ಮಿ.ಮೀ. ರಿಬ್ಬಿಗೆ 12ರ ಫಿಲೆಟ್ ಹಾಕಿದರೆ ವೃತ್ತ 16, ಗೋಡೆಯ ಎರಡರಷ್ಟು. ರಿಬ್ಬನ್ನು 5ಕ್ಕೆ ಇಳಿಸಿ, ಫಿಲೆಟ್ಟನ್ನು 4ಕ್ಕೆ ನಿಲ್ಲಿಸಿದರೆ 10.6. ಫಿಲೆಟ್ ವಿಷಯದಲ್ಲಿ ಧಾರಾಳ ಒಳ್ಳೆಯದೇ, ಆದರೆ ಎಲ್ಲಿ ಎನ್ನುವುದನ್ನು ನೋಡಿ.

ಹೀಗಾಗಿ ಕ್ಯಾಡ್‌ನಲ್ಲಿ ಯಾವುದರ ಹಿಂದೆ ಯಾವುದು ಎನ್ನುವುದು ಮುಖ್ಯ. ಮೊದಲು ಗಟ್ಟಿ ದಿಮ್ಮಿ, ಅದಕ್ಕೆ ಓರೆ, ಆಮೇಲೆ ಹೊರಮೂಲೆಗಳಿಗೆ 16ರ ದುಂಡು, ಕೊನೆಗೆ 8 ಮಿ.ಮೀ. ಗೋಡೆ ಉಳಿಸಿ ಶೆಲ್. ಒಳಗಿನ ಓರೆ, ಒಳಗಿನ 8ರ ದುಂಡು ಎರಡೂ ತಾವಾಗಿಯೇ ಬರುತ್ತವೆ. ಹೊರಗಿನ ದುಂಡು 8 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಒಳಮೂಲೆ ಚೂಪಾಗಿಬಿಡುತ್ತದೆ, ಸಾಫ್ಟ್‌ವೇರ್ ತಕರಾರನ್ನೂ ಎತ್ತುವುದಿಲ್ಲ.

ಬೇರಿಂಗ್ ಕೂರುವ ಬಾಸ್ ಆಮೇಲಿನದು. 6206 ಬೇರಿಂಗಿಗೆ 62 ಮಿ.ಮೀ. ರಂಧ್ರ ಬೇಕು. ಅದನ್ನು ಗಟ್ಟಿಯಾಗಿ ಎರಕ ಹೊಯ್ದು ಕೊರೆದರಾಯಿತು ಅಂದುಕೊಂಡರೆ, ಬೋರಿಂಗ್ ಮಾಡುವಾಗ ಒಳಮೈಯಲ್ಲಿ ಕಪ್ಪು ಕುಳಿಗಳು ಕಾಣುತ್ತವೆ. ಕೋರ್ ಇಟ್ಟು 56ರ ರಂಧ್ರವನ್ನು ಎರಕದಲ್ಲೇ ತಂದು, ಉಳಿದ 3 ಮಿ.ಮೀ.ಗಳನ್ನು ಸುತ್ತಲೂ ಕೊರೆದು ತೆಗೆಯುವುದು ಕ್ಷೇಮ.

ಇನ್ನು ಕುಗ್ಗುವಿಕೆ. ಗಟ್ಟಿಯಾದ ಬೀಡು ತಣಿಯುತ್ತ ಸುಮಾರು ನೂರಕ್ಕೆ ಒಂದರಷ್ಟು ಕುಗ್ಗುತ್ತದೆ; 400 ಬೇಕಾದರೆ ಪ್ಯಾಟರ್ನ್ 404 ಇರಬೇಕು. ಹಳೆಯ ಪ್ಯಾಟರ್ನ್ ಬಡಗಿಗಳು ಇದಕ್ಕೆಂದೇ ಗೆರೆಗಳನ್ನು ಅಷ್ಟಷ್ಟು ಹಿಗ್ಗಿಸಿದ ಅಳತೆಪಟ್ಟಿ ಇಟ್ಟುಕೊಳ್ಳುತ್ತಿದ್ದರು. ಈಗ ಎರಕದ ಮಾದರಿಯ ಪ್ರತಿಯೊಂದನ್ನು ಮಾಡಿ, ಅದನ್ನು ಮಾತ್ರ 1.01ರಿಂದ ಹಿಗ್ಗಿಸುತ್ತಾರೆ. ಮೂಲವನ್ನೇ ಹಿಗ್ಗಿಸಿದರೆ 62ರ ರಂಧ್ರ ಡ್ರಾಯಿಂಗ್‌ನಲ್ಲಿ 62.62 ಆಗಿ, ಬೇರಿಂಗ್ ಲೊಡಲೊಡ ಅನ್ನುತ್ತದೆ. ಆ 1.01 ಕೂಡ ಎಲ್ಲ ಕಡೆ ನಿಲ್ಲುವುದಿಲ್ಲ. ಒಳಗಿನ ಗಟ್ಟಿ ಕೋರ್ ಅಡ್ಡ ಬಂದರೆ ಲೋಹ ಪೂರ್ತಿ ಕುಗ್ಗಲಾರದು. ಮೊದಲ ಎರಕ 400ರ ಬದಲು 401 ಬಂದರೆ, ಆ ದಿಕ್ಕಿಗೆ ಮಾತ್ರ ಅಂಕಿಯನ್ನು 1.0075ಕ್ಕೆ ಇಳಿಸಿ ಪ್ಯಾಟರ್ನನ್ನು 403ಕ್ಕೆ ತಿದ್ದುತ್ತಾರೆ.