ಎಣಿಸುವ ಕೆಲಸ ಕೋಡಿಗೆ, ತೂಗುವ ಕೆಲಸ ಮಾದರಿಗೆ

ಸುದ್ದಿಯ ಸಾರಾಂಶ ಬರೆಯುವ ಎಐ ಮಾದರಿಯೊಂದಿದೆ ಎಂದಿಟ್ಟುಕೊಳ್ಳಿ. ಬರೆದದ್ದನ್ನೆಲ್ಲ ಮನುಷ್ಯರೇ ಓದಿ ಅಂಕ ಕೊಡಲಾಗದು. ಆ ಕೆಲಸವನ್ನು ಇನ್ನೊಂದು ಮಾದರಿಗೆ ವಹಿಸುತ್ತಾರೆ. ಅದಕ್ಕೆ ಕೊಡುವ ಸೂಚನೆ ಹೀಗಿರುತ್ತದೆ: ಅರವತ್ತು ಪದ ಮೀರಿರಬಾರದು, ಇಂಗ್ಲಿಷ್ ಅಕ್ಷರ ನುಸುಳಿರಬಾರದು, ಅಂಕಿಗಳು ಮೂಲದಲ್ಲಿರುವಂಥವೇ ಆಗಿರಬೇಕು, ಮುಖ್ಯ ವಿಷಯ ಬಿಟ್ಟುಹೋಗಿರಬಾರದು, ಭಾಷೆ ಸರಾಗವಾಗಿರಬೇಕು. ಎಲ್ಲ ನೋಡಿ ಐದಕ್ಕೆ ಎಷ್ಟು ಅಂಕ, ಹೇಳು.

ಎಡವಟ್ಟಾಗುವುದು ಇಲ್ಲೇ. ಮೊದಲ ಮೂರು ಪ್ರಶ್ನೆಗಳಿಗೆ ಯಾರು ನೋಡಿದರೂ ಉತ್ತರ ಒಂದೇ. ಅವನ್ನು ಮಾದರಿಯ ಮುಂದಿಡುವ ಅಗತ್ಯವೇ ಇಲ್ಲ. ಮಾದರಿ ಪಠ್ಯವನ್ನು ಪದಗಳಾಗಿ ಅಲ್ಲ, ಟೋಕನ್ ಎಂಬ ತುಣುಕುಗಳಾಗಿ ಓದುತ್ತದೆ. ಕನ್ನಡದ ಒಂದು ಪದ ಹಲವು ತುಣುಕಾಗಿರಬಹುದು. ಎಣಿಸಲು ಹೇಳಿದರೆ ಅದು ಅಂದಾಜು ಹೇಳುತ್ತದೆ, ಅದೂ ಧೈರ್ಯವಾಗಿ.

ಅಂಕಿಯ ವಿಷಯ ಇನ್ನೂ ನಾಜೂಕು. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ. ಸಾರಾಂಶದಲ್ಲಿ ಅದು 128.40 ಆಗಿದ್ದರೆ? ವಾಕ್ಯ ಸುಲಲಿತವಾಗಿದ್ದರೆ ತೀರ್ಪುಗಾರ ಮಾದರಿ ಇದನ್ನು ದಾಟಿ ಮುಂದೆ ಹೋಗಿಬಿಡಬಹುದು. ಕೋಡಿನ ಕಣ್ಣು ತಪ್ಪಿಸಲು ಆಗದು:

```python
import re

def nums(t):
    return set(map(float, re.findall(r"\d+(?:\.\d+)?", t)))

extra = nums(summary) - nums(source)
```

ಮೂಲದಲ್ಲಿಲ್ಲದ ಅಂಕಿ `extra`ದಲ್ಲಿ ಉಳಿಯುತ್ತದೆ. `float` ಇರುವುದರಿಂದ 124.8 ಮತ್ತು 124.80 ಒಂದೇ ಆಗುತ್ತವೆ, ೧೨೪.೮೦ ಎಂದು ಕನ್ನಡ ಅಂಕಿಯಲ್ಲಿ ಬರೆದರೂ ಪೈಥಾನ್ ಓದಿಕೊಳ್ಳುತ್ತದೆ. ಅಲ್ಪವಿರಾಮವಿರುವ ಅಂಕಿಗಳಿಗೆ ಮೊದಲು ಅದನ್ನು ತೆಗೆಯಬೇಕು, ಇಲ್ಲವಾದರೆ 1,20,000 ಮೂರು ಚೂರಾಗುತ್ತದೆ.

ಆದರೆ ಕೋಡು ಸಿಕ್ಕಿಸಿದ್ದೆಲ್ಲ ತಪ್ಪಲ್ಲ. ಮೂಲದ 1,20,000ವನ್ನು ಸಾರಾಂಶ 1.2 ಲಕ್ಷ ಎಂದರೆ ಅರ್ಥ ಅದೇ, ಕೋಡಿಗೆ ಮಾತ್ರ ಹೊಸ ಅಂಕಿ. ಹಾಗಾಗಿ ಪರೀಕ್ಷೆಗಳನ್ನು ಎರಡು ಬಗೆಯಾಗಿ ನೋಡುವುದು ಒಳ್ಳೆಯದು. ಪದಮಿತಿ ಮೀರಿದರೆ, ಇಂಗ್ಲಿಷ್ ಅಕ್ಷರ ಕಂಡರೆ ಅಲ್ಲಿಗೇ ತಿರಸ್ಕಾರ. ಮಾದರಿಯನ್ನು ಕರೆಯುವ ಖರ್ಚೂ ಉಳಿಯುತ್ತದೆ. ಅಂಕಿ ಹೊಂದದಿದ್ದರೆ ತಿರಸ್ಕರಿಸದೆ, ಆ ಅಂಕಿಯನ್ನೂ ಮೂಲ ವಾಕ್ಯವನ್ನೂ ಮುಂದಿಟ್ಟು ಮಾದರಿಯನ್ನು ಒಂದೇ ಪ್ರಶ್ನೆ ಕೇಳಬೇಕು: ಇದು ಅದೇ ಮೊತ್ತವೇ? ಅಂಕಿ ಮೂಲದಲ್ಲಿದ್ದೂ ತಪ್ಪು ಜಾಗದಲ್ಲಿ ಕೂತಿದ್ದರೆ, ಅಂದರೆ ಒಳಹರಿವು ಹೊರಹರಿವು ಅದಲುಬದಲಾಗಿದ್ದರೆ, ಈ ಕೋಡಿಗೆ ಗೊತ್ತಾಗದು. ಅದೂ ಮಾದರಿಯ ಪಾಲಿನದೇ.

ಕೋಡು ನೋಡಿ ಮುಗಿಸಿದ್ದನ್ನು ಮಾದರಿಯ ಸೂಚನೆಯಿಂದ ಪೂರ್ತಿ ತೆಗೆದುಹಾಕಬೇಕು ಎಂಬುದು ನನ್ನ ಅಭಿಪ್ರಾಯ. ಉದ್ದದ ಮಾತು ಸೂಚನೆಯಲ್ಲಿ ಉಳಿದರೆ, ಚೆನ್ನಾಗಿರುವ ಸಾರಾಂಶಕ್ಕೂ "ಸ್ವಲ್ಪ ಉದ್ದವಾಯಿತು" ಎಂದು ಅಂಕ ಕತ್ತರಿಸುತ್ತದೆ, ಐವತ್ತೆಂಟೇ ಪದವಿದ್ದರೂ. ಆಮೇಲೆ ಆ ಅಂಕ ಕಡಿಮೆಯಾದದ್ದು ಭಾಷೆಗೋ ಉದ್ದಕ್ಕೋ ಎಂದು ಬಿಡಿಸಿ ಹೇಳಲಾಗದು.