ಘನದ ಹಿಂಬದಿಯ ಮುಖಗಳನ್ನು ಆರಿಸುವುದು ಹೇಗೆ?

ಬ್ಲೆಂಡರ್ ತಂತ್ರಾಂಶವನ್ನು ತೆರೆದರೆ ಪರದೆಯ ನಡುವೆ ಒಂದು ಘನ ಕಾಣುತ್ತದೆ. ಮೌಸ್‌ನ ನಡುಗುಂಡಿಯನ್ನು ಒತ್ತಿ ಎಳೆದಾಗ ಘನ ತಿರುಗಿದಂತೆ ತೋರುತ್ತದೆ. ವಾಸ್ತವವಾಗಿ ಸುತ್ತುವುದು ನಮ್ಮ ನೋಟ. Shift ಒತ್ತಿ ಹಾಗೆಯೇ ಎಳೆದರೆ ನೋಟ ಪಕ್ಕಕ್ಕೆ ಸರಿಯುತ್ತದೆ. ಚಕ್ರ ಉರುಳಿಸಿದರೆ ಹತ್ತಿರ ಇಲ್ಲವೇ ದೂರವಾಗುತ್ತದೆ. ಘನ ಇದ್ದಲ್ಲೇ ಇರುತ್ತದೆ.

ಈಗ Tab, ಅನಂತರ ಅಕ್ಷರಗಳ ಮೇಲಿನ ಸಾಲಿನ 3 ಒತ್ತಿ. Alt+A ಒತ್ತಿ ಹಳೆಯ ಆಯ್ಕೆಯನ್ನು ತೆಗೆಯಿರಿ. ಬಳಿಕ B ಒತ್ತಿ ಇಡೀ ಘನವನ್ನು ಚೌಕಟ್ಟಿನೊಳಗೆ ತನ್ನಿ. ಆರೂ ಮುಖಗಳು ಆಯ್ಕೆಯಾದವೆ? ನೋಟವನ್ನು ಸುತ್ತಿಸಿ ನೋಡಿ. ಎದುರಿಗೆ ಕಂಡಿದ್ದ ಮೂರು ಮಾತ್ರ ಬಣ್ಣ ತಳೆದಿರುತ್ತವೆ, ಏಕೆಂದರೆ ಕಾಣದ ಮುಖವನ್ನು ಚೌಕಟ್ಟು ಹಿಡಿಯದು. Alt+Z ಒತ್ತಿ ಘನವನ್ನು ಪಾರದರ್ಶಕವಾಗಿಸಿ ಮತ್ತೆ ಆರಿಸಿದರೆ ಆರೂ ಸಿಗುತ್ತವೆ. ಕೆಲಸ ಮುಗಿದೊಡನೆ ಪುನಃ Alt+Z ಒತ್ತಿ. ಇಲ್ಲವಾದರೆ ಮುಂದಿನ ಆಯ್ಕೆಯಲ್ಲಿ ಬೇಡದ ಹಿಂಬದಿಯೂ ಸೇರಿಬಿಡುತ್ತದೆ.